ಎಲ್ಲ ಸ್ಟೋರಿಯೂ ಮಸ್ಟ್ ಆದರೆ ಏನು ಮಾಡೋದು?

"ಅಜೈಲ್ ಅಸೈನ್‌ಮೆಂಟ್‌ಗೆ ಹಾಸ್ಟೆಲ್ ಮೆಸ್ ಆ್ಯಪ್ ತಗೊಂಡಿದ್ದೇವೆ. ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಹೇಗೆ ಬರೆಯೋದು? ಮಾಸ್ಕೋ ಮಾಡಿದ್ರೆ ಎಲ್ಲ ಸ್ಟೋರಿಯೂ ಮಸ್ಟ್ ಅನ್ನಿಸ್ತಿದೆ."

ಸ್ಟೋರಿ ಅಂದರೆ ಬಳಸುವವರಿಗೆ ಏನು ಬೇಕು, ಯಾಕೆ ಬೇಕು ಅಂತ ಹೇಳುವ ಸಾಲು. ಒಂದನ್ನು ತಗೊಳ್ಳೋಣ: "ಹಾಸ್ಟೆಲ್ ವಿದ್ಯಾರ್ಥಿಯಾಗಿ ನಾನು ರಾತ್ರಿ ಊಟವನ್ನು ಮೊದಲೇ ರದ್ದು ಮಾಡಬೇಕು, ಆ ದುಡ್ಡು ನನ್ನ ಬಿಲ್ಲಿಗೆ ಸೇರದಿರಲಿ ಅಂತ." ಕೊನೆಯ ಭಾಗ ಬಿಡಬೇಡಿ. ಅಕ್ಸೆಪ್ಟೆನ್ಸ್ ಕ್ರೈಟೀರಿಯಾ, ಅಂದರೆ ಸ್ಟೋರಿ ಮುಗಿದಿದೆ ಅಂತ ಒಪ್ಪೋಕೆ ಇರುವ ಷರತ್ತುಗಳು, ಹುಟ್ಟೋದೇ ಅಲ್ಲಿಂದ.

"ಸುಲಭವಾಗಿ ರದ್ದಾಗಬೇಕು" ಅಂತ ಸುಮ್ನೆ ಬರೆದರೆ ಪರೀಕ್ಷಿಸೋಕೆ ಆಗಲ್ಲ. ಹೀಗೆ ಬರೆಯಿರಿ: ಸಂಜೆ 4ರೊಳಗೆ ರದ್ದು ಮಾಡಿದರೆ ಅಡುಗೆಯವರ ಲೆಕ್ಕದಲ್ಲಿ ಒಂದು ಊಟ ಕಡಿಮೆಯಾಗಬೇಕು, ಬಿಲ್ಲಿಗೆ ಸೇರಬಾರದು. 4 ದಾಟಿದ ಮೇಲೆ ಒತ್ತಿದರೆ "ಸಮಯ ಮುಗಿದಿದೆ" ಅಂತ ಬರಬೇಕು, ಲೆಕ್ಕ ಬದಲಾಗಬಾರದು. ಈ ಎರಡನೆಯದನ್ನೇ ಜಾಸ್ತಿ ಜನ ಮರೆಯುತ್ತಾರೆ.

ಈಗ ಮಾಸ್ಕೋ, ಅಂದರೆ ಸ್ಟೋರಿಗಳನ್ನು ಆದ್ಯತೆಯ ಪ್ರಕಾರ ಮಸ್ಟ್, ಶುಡ್, ಕುಡ್, ವೋಂಟ್ ಅಂತ ವಿಂಗಡಿಸೋದು. ಪ್ರತಿ ಸ್ಟೋರಿಗೂ ಕೇಳಿ: ಇದಿಲ್ಲದೆ ಆ್ಯಪ್ ಬಿಟ್ಟರೆ ಉಪಯೋಗ ಇದೆಯಾ? ರದ್ದು ಮಾಡೋದೇ ಇಲ್ಲದಿದ್ದರೆ ಆ್ಯಪ್ ಯಾಕೆ, ಅಲ್ವಾ? ಅದು ಮಸ್ಟ್. 3 ಗಂಟೆಗೆ ನೆನಪಿಸುವ ಮೆಸೇಜ್ ಇಲ್ಲದಿದ್ದರೆ ಕೆಲವರು ಮರೆಯುತ್ತಾರೆ, ಆದರೂ ಕೆಲಸ ನಡೆಯುತ್ತದೆ. ಅದು ಶುಡ್. ಸಾಂಬಾರಿಗೆ ಸ್ಟಾರ್ ಕೊಡೋದು ಕುಡ್. ಆನ್‌ಲೈನ್ ಪಾವತಿ ವೋಂಟ್, ಯಾಕೆಂದರೆ ಸದ್ಯಕ್ಕೆ ಬಿಲ್ಲನ್ನು ಆಫೀಸಿನಲ್ಲಿ ಕಟ್ಟಬಹುದು. ವೋಂಟ್ ಅಂದರೆ "ಈ ಸಲ ಇಲ್ಲ" ಅಂತ, ಅಳಿಸಬೇಡಿ. ಕಾರಣದ ಜೊತೆ ಬ್ಯಾಕ್‌ಲಾಗ್‌ನಲ್ಲೇ, ಅಂದರೆ ಕೆಲಸಗಳ ಪಟ್ಟಿಯಲ್ಲೇ, ಇರಲಿ.

ಮಸ್ಟ್‌ಗಳು ಒಟ್ಟು ಶ್ರಮದ 60% ದಾಟಬಾರದು ಅನ್ನೋದು ಈ ವಿಧಾನ ಬಳಸುವ ಡಿಎಸ್‌ಡಿಎಂ ಎಂಬ ಅಜೈಲ್ ಚೌಕಟ್ಟಿನ ಸಲಹೆ. ಇದನ್ನು ಸ್ಟೋರಿಗಳ ಸಂಖ್ಯೆಯಲ್ಲಿ ಅಳೆಯಬೇಡಿ. ಶ್ರಮದ ಅಂದಾಜಿಗೆ ಕೊಡುವ ಪಾಯಿಂಟ್ ಒಟ್ಟು 40 ಇದ್ದರೆ ಮಸ್ಟ್ 24ರೊಳಗೆ ಇರಲಿ.