ಛತ್ರದ ಹೆಸರಲ್ಲಿ ಜನರ ಬಾಯಲ್ಲಿ ಉಳಿಯೋದು ನಡುವಿನ ಪದ

ಪ್ರಶ್ನೆ: ಕನಕಪುರ ರಸ್ತೆಯಲ್ಲಿ, ತಲಘಟ್ಟಪುರದ ಹತ್ತಿರ ನಮ್ಮದೇ ಜಾಗದಲ್ಲಿ ಕಲ್ಯಾಣ ಮಂಟಪ ಕಟ್ಟಿಸ್ತಾ ಇದ್ದೀವಿ. ಅಪ್ಪ ಮನೆದೇವರ ಹೆಸರಲ್ಲಿ ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಕನ್ವೆನ್ಷನ್ ಹಾಲ್’ ಅಂತಾರೆ. ನನಗೆ ‘ಗ್ರ್ಯಾಂಡ್ ಪ್ಯಾಲೇಸ್’ ಇಷ್ಟ. ಸಂಖ್ಯಾಶಾಸ್ತ್ರದವರು ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಒಂದಕ್ಷರ ಜಾಸ್ತಿ ಹಾಕಿ ಅಂದಿದ್ದಾರೆ. ಬಾಯಿಂದ ಬಾಯಿಗೆ ಹರಡಿ ಜನ ಸುಲಭವಾಗಿ ಹುಡುಕಿಕೊಂಡು ಬರೋಕೆ ಯಾವುದು ಒಳ್ಳೇದು?

ಎರಡೂ ಬೇಡ. ನಿಮ್ಮ ಅಪ್ಪ ಹೇಳುತ್ತಿರುವಂಥದ್ದೇ ಹೆಸರಿದ್ದ ಒಂದು ಛತ್ರದ ಬುಕಿಂಗ್ ನೋಡಿಕೊಳ್ಳುತ್ತಿದ್ದವನು ನಾನು. ಹೆಸರು ಇಟ್ಟಿದ್ದು ನಾನು ಬರುವ ಮೊದಲೇ, ಆದರೆ ಅದರ ಫಲ ಉಂಡಿದ್ದು ಆಫೀಸಿನ ಫೋನು. ರಿಸೆಪ್ಷನ್ ದಿನ ಸಂಜೆ ಏಳು ದಾಟಿದರೆ ಸಾಕು, ‘ಸಾರ್, ವೆಂಕಟೇಶ್ವರ ಛತ್ರದ ಒಳಗೇ ಇದ್ದೀವಿ, ಬಾಗಿಲಲ್ಲಿ ಹೂವಿನಲ್ಲಿ ಬರೆದಿರೋ ಹೆಣ್ಣಿನ ಹೆಸರೇ ಬೇರೆ ಇದೆಯಲ್ಲ’ ಅಂತ ಕರೆ ಬರುತ್ತಿತ್ತು. ಅವರು ದಾರಿ ತಪ್ಪಿರಲಿಲ್ಲ, ಹೇಳಿದ ಕಡೆಗೇ ಹೋಗಿದ್ದರು. ಅದೇ ದೇವರ ಹೆಸರಿನ ಇನ್ನೊಂದು ಛತ್ರಕ್ಕೆ.

ಇದು ಯಾಕಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಬೋರ್ಡಿನ ಮೇಲೆ ಹೆಸರಿಗೆ ಮೂರು ಭಾಗ: ಮೊದಲು ‘ಶ್ರೀ’, ಆಮೇಲೆ ಅಸಲಿ ಹೆಸರು, ಕೊನೆಗೆ ಕಲ್ಯಾಣ ಮಂಟಪವೋ ಕನ್ವೆನ್ಷನ್ ಹಾಲೋ. ಜನ ಮಾತಾಡುವಾಗ ಮೊದಲನೆಯದನ್ನು ನುಂಗುತ್ತಾರೆ, ಕೊನೆಯದನ್ನು ‘ಛತ್ರ’ ಮಾಡುತ್ತಾರೆ. ನೀವು ಕನ್ವೆನ್ಷನ್ ಸೆಂಟರ್ ಅಂತ ಎಷ್ಟೇ ದೊಡ್ಡದಾಗಿ ಬರೆಸಿ, ಬೆಂಗಳೂರಲ್ಲಿ ಮದುವೆ ಗೊತ್ತಾದ ಮನೆಯಲ್ಲಿ ಕೇಳುವುದು ‘ಛತ್ರ ಸಿಕ್ತಾ?’ ಅಂತಲೇ. ನಡುವಿನ ಭಾಗದಲ್ಲಿ ಎರಡು ಪದ ಇದ್ದರೆ ಅದರಲ್ಲೂ ಒಂದು ಉದುರುತ್ತೆ. ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಕನ್ವೆನ್ಷನ್ ಹಾಲ್’ ಇಬ್ಬರ ಬಾಯಿ ದಾಟುವಷ್ಟರಲ್ಲಿ ‘ವೆಂಕಟೇಶ್ವರ ಛತ್ರ’. ನಾಲ್ಕೈದು ಪದ ಖರ್ಚು ಮಾಡಿ ಕೊನೆಗೆ ಉಳಿಸಿಕೊಂಡಿದ್ದು ಊರಲ್ಲೆಲ್ಲ ಇರುವ ಒಂದೇ ಪದ. ನಾನಿದ್ದ ಛತ್ರದ ಮಾಲೀಕರು ಗೊಂದಲ ಕಂಡ ಮೇಲೆ ಕೊನೆಯಲ್ಲಿ ‘ಎಲೈಟ್’ ಅಂತ ಸೇರಿಸಿದರು. ಪ್ರಯೋಜನ ಆಗಲಿಲ್ಲ, ಯಾಕಂದರೆ ಬೇರೆ ಮಾಡಿ ತೋರಿಸುವ ಪದವನ್ನು ಇಟ್ಟಿದ್ದು ಎಲ್ಲರೂ ಕತ್ತರಿಸುವ ಜಾಗದಲ್ಲಿ. ಆ ಪದ ನಡುವೆಯೇ ಇರಬೇಕು, ಒಂಟಿಯಾಗಿರಬೇಕು.

ಗ್ರ್ಯಾಂಡ್ ಪ್ಯಾಲೇಸ್ ಕಥೆ ಇನ್ನೂ ಕಷ್ಟ. ಬೆಂಗಳೂರಲ್ಲಿ ಮದುವೆ ಮಾತಿನ ಮಧ್ಯೆ ‘ಪ್ಯಾಲೇಸ್’ ಅಂದರೆ ಕೇಳಿದವರ ತಲೆ ಹೋಗುವುದು ಅರಮನೆ ಮೈದಾನಕ್ಕೆ. ಅಲ್ಲಿ ಒಂದೇ ಆವರಣದಲ್ಲಿ ಹಲವು ಮದುವೆ ಜಾಗಗಳಿವೆ, ಜನ ಗುರುತಿಸುವುದು ಗೇಟ್ ನಂಬರಿನಿಂದ. ‘ಯಾವ ಗೇಟು?’ ಅಂತ ಕೇಳುವ ನೆಂಟರಿಗೆ ‘ಅಲ್ಲ, ಇದು ತಲಘಟ್ಟಪುರ’ ಅಂತ ಪ್ರತಿ ಮದುವೆಯಲ್ಲೂ ಹೇಳುತ್ತಾ ಕೂರಬೇಕಾಗುತ್ತೆ. ಗ್ರ್ಯಾಂಡ್, ರಾಯಲ್, ಇಂಪೀರಿಯಲ್ ಇವೆಲ್ಲ ಬರೀ ವಿಶೇಷಣಗಳು, ಜಾಗದ ಗುರುತು ಹೇಳುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಅಂದರೆ, ಬಾಯಿ ಮಾತು ಹರಡುವುದು ಮದುವೆಗೆ ಬಂದ ನೆಂಟರಿಂದ ಅನ್ನುವುದು. ಅವರು ಊಟದ ಬಗ್ಗೆ ಮಾತಾಡುತ್ತಾರೆ. ಛತ್ರದ ಹೆಸರು ಹೇಳುವವರು ಅಡುಗೆ ಕಂಟ್ರಾಕ್ಟರ್, ಪುರೋಹಿತರು, ಓಲಗದವರು, ಹೂವಿನ ಅಲಂಕಾರದವರು, ಫೋಟೋ ತೆಗೆಯುವವರು. ಬೆಳಗಿನ ಜಾವ ತರಕಾರಿ, ಬಾಳೆ ಎಲೆ ತುಂಬಿಕೊಂಡು ಟೆಂಪೋ ಬರುವಾಗ ಡ್ರೈವರಿಗೆ ಫೋನಿನಲ್ಲಿ ಹೆಸರು ಹೇಳುವವರೂ ಇವರೇ. ಇವರ ಬಾಯಿಗೆ ಒಗ್ಗದ ಹೆಸರು ಎಲ್ಲೂ ಹೋಗುವುದಿಲ್ಲ. ಅದರ ಬದಲು ಅವರೇ ಒಂದು ಹೆಸರು ಕಟ್ಟುತ್ತಾರೆ, ‘ಪೆಟ್ರೋಲ್ ಬಂಕ್ ಪಕ್ಕದ್ದು’ ಅಂತಲೋ ‘ನೀಲಿ ಶೀಟಿಂದು’ ಅಂತಲೋ.

ಅದಕ್ಕೇ ನನ್ನ ಮೊದಲ ಸಲಹೆ, ಹೊಸ ಹೆಸರು ಹುಡುಕುವ ಮೊದಲು ನಿಮ್ಮ ಜಾಗಕ್ಕೆ ಈಗಾಗಲೇ ಏನು ಹೆಸರಿದೆ ನೋಡಿ. ಕಟ್ಟಡ ಇನ್ನೂ ಏಳುತ್ತಿದೆ ಅಂದಿರಿ. ಜಲ್ಲಿ, ಎಂ ಸ್ಯಾಂಡ್ ತರುವ ಲಾರಿಯವನಿಗೆ ಮೇಸ್ತ್ರಿ ಫೋನಿನಲ್ಲಿ ಏನಂತ ದಾರಿ ಹೇಳುತ್ತಾನೆ, ಪಕ್ಕ ನಿಂತು ಕೇಳಿಸಿಕೊಳ್ಳಿ. ಎದುರಿನ ಟೀ ಅಂಗಡಿಯವರು ಏನನ್ನುತ್ತಾರೆ ವಿಚಾರಿಸಿ. ‘ಅದೇ, ಜೋಡಿ ಹುಣಸೆಮರದ ಸೈಟು’ ಅನ್ನುತ್ತಿದ್ದರೆ ನಿಮ್ಮ ಹೆಸರು ಸಿಕ್ಕಿತು. ‘ಹುಣಸೆಮರ ಕಲ್ಯಾಣ ಮಂಟಪ’ ಅಂದರೆ ಅಪ್ಪನಿಗೆ ಸಪ್ಪೆ ಅನಿಸಬಹುದು. ಆದರೆ ಒಮ್ಮೆ ಕೇಳಿದವರು ಮರೆಯುವುದಿಲ್ಲ, ಸುತ್ತಮುತ್ತ ಎರಡನೆಯದು ಇರುವ ಸಾಧ್ಯತೆ ಕಡಿಮೆ, ಬಂದವರಿಗೆ ಗೇಟಿನಲ್ಲೇ ಮರ ಕಾಣುತ್ತೆ.

ಇಲ್ಲೊಂದು ಷರತ್ತಿದೆ. ಗುರುತು ನಿಮ್ಮ ಕಾಂಪೌಂಡಿನ ಒಳಗಿನದೇ ಆಗಿರಬೇಕು. ಪಕ್ಕದ ಚಿತ್ರಮಂದಿರ, ಎದುರಿನ ಬ್ಯಾಂಕ್, ಹತ್ತಿರದ ಮೆಟ್ರೋ ಸ್ಟೇಷನ್ ಯಾವುದೂ ನಿಮ್ಮ ಕೈಯಲ್ಲಿಲ್ಲ. ಮೆಜೆಸ್ಟಿಕ್ ಅನ್ನುವ ಹೆಸರು ಥಿಯೇಟರ್ ಹೋದ ಮೇಲೂ ಉಳಿಯಿತು, ಮೆಟ್ರೋದವರು ನಾಡಪ್ರಭು ಕೆಂಪೇಗೌಡ ನಿಲ್ದಾಣ ಅಂತ ಇಟ್ಟರೂ ಜನ ಮೆಜೆಸ್ಟಿಕ್ ಅಂತಲೇ ಇಳಿಯುತ್ತಾರೆ, ನಿಜ. ಆದರೆ ಅದು ಇಡೀ ಊರು ದಿನಾ ಹೇಳುವ ಹೆಸರು. ನಿಮ್ಮ ಛತ್ರದ ಹೆಸರನ್ನು ಒಬ್ಬ ನೆಂಟ ಬದುಕಲ್ಲಿ ಎರಡು ಸಲ ಹೇಳಿದರೆ ಹೆಚ್ಚು. ಬಡಾವಣೆ ಹೆಸರನ್ನು ಒಂಟಿಯಾಗಿ ಇಡುವುದಕ್ಕೂ ಮೊದಲು ಯೋಚಿಸಿ: ಕೊತ್ತನೂರು ಹೆಣ್ಣೂರು ಕಡೆಯೂ ಇದೆ, ಜೆ.ಪಿ. ನಗರದ ಆಚೆ ಕೊತ್ತನೂರು ದಿಣ್ಣೆಯೂ ಇದೆ. ತಲಘಟ್ಟಪುರಕ್ಕೆ ಆ ತೊಂದರೆ ಇಲ್ಲ. ಆದರೆ ಅದೇ ಹೆಸರಿನ ಮೆಟ್ರೋ ಸ್ಟೇಷನ್ 2021ರಿಂದ ಇರುವುದರಿಂದ, ಅದನ್ನು ಛತ್ರಕ್ಕೂ ಇಟ್ಟರೆ ಜನ ಸ್ಟೇಷನ್ ಕೆಳಗೆ ನಿಂತು ಹುಡುಕುತ್ತಾರೆ. ಅದನ್ನು ವಿಳಾಸದ ಸಾಲಿಗೆ ಬಿಡಿ.

ಮರ, ಬಾವಿ, ಮಂಟಪ ಏನೂ ಇಲ್ಲದಿದ್ದರೆ ಮನೆತನದ ಅಡ್ಡಹೆಸರು ನೋಡಿ, ಅದು ಆ ಹಳ್ಳಿಯಲ್ಲಿ ನಿಮಗೊಬ್ಬರಿಗೇ ಇದ್ದರೆ ಮಾತ್ರ. ‘ಗೌಡರ ಛತ್ರ’ ಎಲ್ಲ ಕಡೆ ಇದೆ. ಇಂಗ್ಲಿಷ್ ಇನಿಷಿಯಲ್‌ಗಳಂತೂ ಬೇಡವೇ ಬೇಡ. ಫೋನಿನಲ್ಲಿ ಎಂ, ಎನ್ ಒಂದೇ ಥರ ಕೇಳುತ್ತೆ; ಬಿ, ಡಿ, ಪಿ, ಟಿ, ವಿ ಕೂಡ ಹಾಗೇ. ಹಿಂದೆ ಟ್ರಾಫಿಕ್ ಸದ್ದಿದ್ದರೆ ಕೇಳುವುದೇ ಬೇಡ.

ಎರಡು ಮೂರು ಹೆಸರು ಕೈಗೆ ಬಂದ ಮೇಲೆ ಹೀಗೆ ಪರೀಕ್ಷೆ ಮಾಡಿ. ವಯಸ್ಸಾದ ಸಂಬಂಧಿಕರೊಬ್ಬರಿಗೆ ರಸ್ತೆ ಬದಿಯಿಂದ ಫೋನ್ ಮಾಡಿ ಹೆಸರನ್ನು ಒಂದೇ ಸಲ ಹೇಳಿ, ಬರೆದುಕೊಳ್ಳಬೇಡಿ ಅನ್ನಿ. ಅವರು ಅದನ್ನು ಮನೆಯ ಇನ್ನೊಬ್ಬರಿಗೆ ಹೇಳಲಿ. ಮಾರನೇ ದಿನ ಆ ಇನ್ನೊಬ್ಬರನ್ನು ಕೇಳಿ. ಅವರ ಬಾಯಿಂದ ಬಂದದ್ದೇ ನಿಮ್ಮ ನಿಜವಾದ ಹೆಸರು. ಆಮೇಲೆ ಅದನ್ನು ಕಾಲೇಜು ಹುಡುಗನೊಬ್ಬನಿಗೆ ಹೇಳಿ, ಮ್ಯಾಪ್‌ನಲ್ಲಿ ಟೈಪ್ ಮಾಡಿಸಿ, ಅವನು ಹಾಕುವ ಸ್ಪೆಲ್ಲಿಂಗ್ ನೋಡಿ. ಕನ್ನಡ ಬಾರದ ಕ್ಯಾಬ್ ಡ್ರೈವರ್ ಒಬ್ಬರಿಂದಲೂ ಹೇಳಿಸಿ. ಮೂವರಲ್ಲಿ ಒಬ್ಬರು ತಡವರಿಸಿದರೂ ಮುಂದಿನ ಹೆಸರಿಗೆ ಹೋಗಿ.

ಸಂಖ್ಯಾಶಾಸ್ತ್ರದ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದು ಇಲ್ಲಿ. `Sri`, `Shri`, `Shree` ಮೂರೂ ಓಡಾಡುತ್ತಿರುವಾಗ, `Mantapa`, `Mantap`, `Mandapam` ಅಂತ ಜನ ಮನಸ್ಸಿಗೆ ಬಂದಂತೆ ಹಾಕುವಾಗ, ನೀವು ಇನ್ನೊಂದು `e` ಸೇರಿಸಿದರೆ ಹೆಸರು ಕಿವಿಗೆ ಬಿದ್ದವನು ಅದನ್ನು ಊಹಿಸುವ ದಾರಿಯೇ ಇಲ್ಲ, ಬಾಯಲ್ಲಿ ಆ `e` ಕೇಳುವುದಿಲ್ಲ. ಮನೆಯವರ ಸಮಾಧಾನಕ್ಕೆ ಬೇಕೇ ಬೇಕಾದರೆ ಟ್ರಸ್ಟಿನ ಹೆಸರಿಗೋ ಸಂಸ್ಥೆಯ ಹೆಸರಿಗೋ ಹಾಕಿಕೊಳ್ಳಿ. ಬೋರ್ಡು, ಮ್ಯಾಪು, ರಸೀದಿ ಪುಸ್ತಕ ಈ ಮೂರರಲ್ಲಿ ಆ ಕಾಲೇಜು ಹುಡುಗ ಹಾಕಿದ ಸಾದಾ ಸ್ಪೆಲ್ಲಿಂಗ್ ಇರಲಿ, ಮೂರರಲ್ಲೂ ಒಂದೇ ಇರಲಿ.

ದೇವರನ್ನು ಬಿಡಬೇಕಾಗಿಲ್ಲ. ಬೋರ್ಡಿನ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ’ ಅಂತ ಬರೆಸಿ, ಕೆಳಗೆ ದಪ್ಪಕ್ಕೆ ಅಸಲಿ ಹೆಸರು. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ. ಹಾಗಾಗಿ ಹೆಸರು ಕನ್ನಡ ಅಕ್ಷರದಲ್ಲಿ ದೂರದಿಂದ ಓದುವ ಹಾಗಿದೆಯಾ ಅಂತ ಮೊದಲೇ ನೋಡಿ. ಒತ್ತಕ್ಷರ ಜಾಸ್ತಿ ಇದ್ದರೆ ರಾತ್ರಿ ಲೈಟಿನಲ್ಲಿ ಎಲ್ಲ ಕೂಡಿಕೊಂಡು ಒಂದು ಮುದ್ದೆ ಥರ ಕಾಣುತ್ತೆ.

ಲಗ್ನಪತ್ರಿಕೆ ನಿಮ್ಮ ಕೈಯಲ್ಲಿಲ್ಲ ಅಂದುಕೊಳ್ಳಬೇಡಿ. ಬುಕಿಂಗ್ ಮಾಡಿದ ದಿನವೇ ರಸೀದಿ ಜೊತೆ ‘ಸ್ಥಳ’ ಅನ್ನುವ ಸಾಲನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿದ್ಧ ಮಾಡಿ ವಾಟ್ಸಾಪಿಗೆ ಕಳಿಸಿ. ಪ್ರೆಸ್ಸಿನವರು ಹಾಗೇ ಹಾಕುತ್ತಾರೆ. ಇಲ್ಲದಿದ್ದರೆ ಗಂಡಿನ ಕಡೆ ಪತ್ರಿಕೆಯಲ್ಲಿ ಒಂದು ಹೆಸರು, ಹೆಣ್ಣಿನ ಕಡೆಯದರಲ್ಲಿ ಇನ್ನೊಂದು. ಆ ಸಾಲಿನಲ್ಲಿ ಹೆಸರು, ಹತ್ತಿರದ ಮೆಟ್ರೋ ಸ್ಟೇಷನ್, ಸಿಟಿ ಕಡೆಯಿಂದ ಬರುವಾಗ ಎಡವೋ ಬಲವೋ, ಇಷ್ಟು ಸಾಕು. ಡಿವೈಡರ್ ಇರುವ ರಸ್ತೆಯಲ್ಲಿ ಎಡ ಬಲ ಗೊತ್ತಿಲ್ಲದವನು ಮುಂದೆ ಹೋಗಿ ಯು ಟರ್ನ್ ಹುಡುಕುವಷ್ಟರಲ್ಲಿ ಧಾರೆ ಮುಗಿದಿರುತ್ತೆ. ಮ್ಯಾಪಿನ ಪಿನ್ನನ್ನೂ ಕಟ್ಟಡದ ನಡುಮಧ್ಯೆ ಬಿಡದೆ ಮುಂದಿನ ಗೇಟಿಗೆ ಎಳೆದಿಡಿ, ಹಿಂದಿನ ಗಲ್ಲಿ ಹತ್ತಿರ ಇದ್ದರೆ ಅದು ಕಾರುಗಳನ್ನು ಅಲ್ಲಿಗೇ ಕರೆದೊಯ್ಯುತ್ತೆ.

ನಾಮಕರಣ, ನಿಶ್ಚಿತಾರ್ಥಕ್ಕೆ ಅಂತ ಮೇಲೊಂದು ಮಿನಿ ಹಾಲ್ ಕಟ್ಟುತ್ತಿದ್ದರೆ ಅದಕ್ಕೆ ಇನ್ನೊಂದು ದೇವರ ಹೆಸರೋ ಹೂವಿನ ಹೆಸರೋ ಇಡಬೇಡಿ. ಅದು ಬೇರೆಯೇ ಛತ್ರ ಅಂದುಕೊಂಡು ಜನ ಗೇಟಿಗೆ ಬಂದವರು ವಾಪಸ್ ಹೋಗುತ್ತಾರೆ. ‘ಹುಣಸೆಮರ, ಮೊದಲನೇ ಮಹಡಿ’ ಅಂತಿರಲಿ. ಒಂದೇ ದಿನ ಎರಡು ಕಾರ್ಯ ಇದ್ದರೆ ಗೇಟಿನಲ್ಲಿ ಎರಡೂ ಮನೆಯವರ ಹೆಸರು ಬರೆದು, ಮಹಡಿ ತೋರಿಸುವ ಬಾಣದ ಗುರುತಿನ ಹಲಗೆ ಇಡಿ. ಅದನ್ನು ಇಡುವ ಕೆಲಸ ವಾಚ್‌ಮನ್‌ದು ಅಂತ ಮೊದಲ ದಿನವೇ ಹೇಳಿಬಿಡಿ, ಅಲಂಕಾರದವರಿಗೆ ಬಿಟ್ಟರೆ ಅವರು ಮುಹೂರ್ತದ ಹೊತ್ತಿಗೆ ತಂದು ನಿಲ್ಲಿಸುತ್ತಾರೆ.