ಒಂದೇ ಕಡುಬಿಗೆ ಎರಡು ರೇಟು ಹಾಕಿ ಸಿಕ್ಕಿಬಿದ್ದ ಕಥೆ

ಪ್ರಶ್ನೆ: ಸೋಗಾನೆಯಿಂದ ಫ್ಲೈಟಲ್ಲಿ ಹೋಗುವಾಗ ಪಕ್ಕದ ಸೀಟಿನವರು ನನಗಿಂತ ಎಷ್ಟೋ ಕಮ್ಮಿ ದುಡ್ಡು ಕೊಟ್ಟಿದ್ರು. ಸಿನಿಮಾಕ್ಕೂ ಬೆಳಗ್ಗೆ ಒಂದು ರೇಟು, ರಾತ್ರಿ ಒಂದು. ಇದು ಮೋಸ ಅಲ್ವಾ? ಎಲ್ಲರಿಗೂ ಒಂದೇ ರೇಟು ಇಡಬಾರ್ದಾ?

ಮೋಸ ಎಂತದೂ ಇಲ್ಲ ಮಾರಾಯ್ರೆ. ಇದೇ ಕೆಲಸ ಮಾಡೋಕೆ ಹೋಗಿ ಕೈ ಸುಟ್ಕೊಂಡವನು ನಾನು.

ತೀರ್ಥಹಳ್ಳಿ ಕಡೆ ನಮ್ಮದೊಂದು ಹೋಂಸ್ಟೇ ಇದೆ, ಐದು ರೂಮು. ಊಟ ತಿಂಡಿ ಸೇರಿ ತಲೆಗೆ 2000 ಇಟ್ಟಿದ್ದೆ. ಮಳೆಗಾಲದ ಶನಿವಾರ ಎಂಟು ಜನ ಬರ್ತಿದ್ರು, ಎರಡು ರೂಮು ಹಾಗೇ ಖಾಲಿ. ಒಬ್ಬರು ಹೆಚ್ಚಿಗೆ ಬಂದ್ರೆ ಅಕ್ಕಿ, ಕೋಳಿ, ಬೆಡ್‌ಶೀಟ್ ತೊಳೆಯೋದು, ಹಂಡೆ ಕಾಯಿಸೋದು ಎಲ್ಲ ಸೇರಿ ನನಗೆ 500 ಖರ್ಚು, ಅಂದ್ರೆ ಖಾಲಿ ಬಿಡೋದಕ್ಕಿಂತ 1300ಕ್ಕೆ ಕೊಟ್ರೂ 800 ಲಾಭವೇ ಅಲ್ವಾ ಅಂತ, ಫೋನಲ್ಲಿ ಚೌಕಾಶಿ ಮಾಡಿದವರಿಗೆಲ್ಲ 1300 ಅಂದುಬಿಟ್ಟೆ. ಇನ್ನೂ ಆರು ಜನ ಬಂದ್ರು. ಮೊದಲು ಎಂಟು ಜನಕ್ಕೆ 12,000 ಉಳೀತಿತ್ತು, ಈಗ ಮೇಲೆ 4,800 ಸೇರಿ 16,800. ನನ್ನಷ್ಟು ಬುದ್ಧಿವಂತ ತಾಲೂಕಲ್ಲೇ ಇಲ್ಲ ಅನ್ಕೊಂಡೆ.

ಭಾನುವಾರ ಬೆಳಗ್ಗೆ ಹದಿನಾಲ್ಕೂ ಜನ ಒಂದೇ ಜಗಲೀಲಿ ಕಡುಬು ತಿಂತಾ ಕೂತಿದ್ರು. ಬೆಂಗಳೂರಿನ ಒಬ್ಬ ಮೇಡಂ ಪಕ್ಕದ ಹುಡುಗರನ್ನ "ನಿಮಗೆಷ್ಟು ತಗೊಂಡ್ರಪ್ಪಾ?" ಅಂತ ಕೇಳಿದ್ರು. ನಾನು ಚಟ್ನಿ ಪಾತ್ರೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ಅವರ ಮನೆಯ ನಾಲ್ಕು ಜನಕ್ಕೆ ತಲೆಗೆ 700ರ ಲೆಕ್ಕದಲ್ಲಿ 2,800 ವಾಪಸ್ ಕೊಟ್ಟೆ, ಹೋದಮೇಲೆ ರಿವ್ಯೂಲೂ ಬರೆದ್ರು. ಆಮೇಲೆ ಫೋನ್ ಮಾಡಿದವರೆಲ್ಲ "1300ಕ್ಕೆ ಕೊಡ್ತೀರಂತಲ್ಲ" ಅಂತಲೇ ಶುರು ಮಾಡೋರು. ಹದಿನಾಲ್ಕು ಜನಕ್ಕೂ 800ರ ಹಾಗೆ ಉಳಿದದ್ದು 11,200. ಶುರು ಮಾಡೋ ಮೊದಲು ಇದ್ದ 12,000ಕ್ಕಿಂತ ಕಮ್ಮಿ, ಅಡುಗೆ ಕೆಲಸ ಮಾತ್ರ ಹೆಚ್ಚುಕಮ್ಮಿ ಡಬಲ್!

ತಪ್ಪಾಗಿದ್ದು ಎರಡು ರೇಟು ಇಟ್ಟಿದ್ದಲ್ಲ, ಎರಡರ ಮಧ್ಯೆ ಬೇಲಿ ಹಾಕದೆ ಇದ್ದದ್ದು. ನಾನು ಜನರನ್ನ ಬೇರೆ ಮಾಡಿದ್ದು ಯಾರು ಚೌಕಾಶಿ ಮಾಡ್ತಾರೆ ಅನ್ನೋದರ ಮೇಲೆ. ಆದ್ರೆ ಚೌಕಾಶಿಗೆ ಖರ್ಚಿಲ್ಲ, ಯಾರು ಬೇಕಾದ್ರೂ ಮಾಡಬಹುದು. ದೊಡ್ಡ ಕಾರಲ್ಲಿ ಬಂದವರೂ ಮಾಡಿದ್ರು, ಸೊರಬದ ಮೇಷ್ಟ್ರೊಬ್ಬರು ಮಾತಾಡದೆ ಪೂರ್ತಿ ಕೊಟ್ಟು ಹೋದ್ರು, ಅದು ಈಗಲೂ ಚುಚ್ಚುತ್ತೆ. ದುಡ್ಡಿರೋರಿಗೆ ದಾಟೋದು ಕಿರಿಕಿರಿ ಅನ್ನಿಸಬೇಕು, ದುಡ್ಡಿಲ್ಲದವರು ಸಲೀಸಾಗಿ ದಾಟಬೇಕು, ಬೇಲಿ ಅಂದ್ರೆ ಅದು.

ವಿಮಾನದವರ ಬೇಲಿ ನೋಡಿ. ಮುಂಚೆ ಬುಕ್ ಮಾಡಿದ್ರೆ ಕಮ್ಮಿ, ಯಾಕಂದ್ರೆ ನಾಳೆ ಮೀಟಿಂಗ್ ಅಂತ ಇವತ್ತು ಗೊತ್ತಾದ ಆಫೀಸಿನವನು ತಿಂಗಳ ಮುಂಚೆ ಬುಕ್ ಮಾಡೋಕಾಗಲ್ಲ, ಅವನ ದುಡ್ಡು ಕೊಡೋದೂ ಕಂಪನಿಯೇ. ಟಿಕೆಟಲ್ಲಿ ಹೆಸರಿರುತ್ತೆ, ಅದಿಲ್ಲದಿದ್ರೆ ಯಾರೋ ಅಗ್ಗದಲ್ಲಿ ನೂರು ಟಿಕೆಟ್ ಎತ್ತಿಟ್ಟು ಕೊನೇ ದಿನ ಅವನಿಗೇ ಮಾರ್ತಿದ್ದ. ಸಿನಿಮಾದವರಿಗೆ ಹೆಸರು ಬೇಡ, ಹೊತ್ತೇ ಸಾಕು. ಮಂಗಳವಾರ ಬೆಳಗಿನ ಆಟಕ್ಕೆ ಕೆಲಸಕ್ಕೆ ಹೋಗೋನು ಬರ್ತಾನಾ? ಹಳೇ ಟಾಕೀಸಲ್ಲಿ ಗಾಂಧಿ ಕ್ಲಾಸ್ ಬೆಂಚಿಗೆ ಮೆತ್ತೆ ಇರ್ತಿರಲಿಲ್ಲ, ಮೆತ್ತೆ ಹಾಕಿದ್ರೆ ಬಾಲ್ಕನಿಯವರೂ ಇಳಿದು ಬರ್ತಿದ್ರು. ಫ್ರಾನ್ಸಿನ ಎಂಜಿನಿಯರ್ ಡ್ಯುಪ್ವಿ 1849ರಲ್ಲೇ ಇದನ್ನ ಬರೆದಿದ್ದ. ರೈಲಿನ ಮೂರನೇ ಕ್ಲಾಸಿಗೆ ಮಾಡು ಹಾಕದೆ ಇರೋದು ಮಾಡಿನ ಖರ್ಚು ಉಳಿಸೋಕಲ್ಲ, ಎರಡನೇ ಕ್ಲಾಸಿನವರನ್ನ ಹೆದರಿಸೋಕೆ ಅಂತ.

ನಾನೂ ಈಗ ಬೇಲಿ ಹಾಕಿದೀನಿ. ಸೋಮವಾರದಿಂದ ಗುರುವಾರ, 15 ದಿನ ಮುಂಚೆ ಪೂರ್ತಿ ದುಡ್ಡು, ಬರದಿದ್ರೆ ವಾಪಸ್ ಇಲ್ಲ, ಅದಕ್ಕೆ 1300. ಗೋಡೆ ಮೇಲೆ ಬರೆದು ತೂಗುಹಾಕಿದೀನಿ. ಶನಿವಾರಕ್ಕೆ 2000, ಚೌಕಾಶಿ ಇಲ್ಲ. ಜಗಲೀಲಿ ಯಾರು ಯಾರನ್ನ ಕೇಳಿದ್ರೂ ನನಗೀಗ ಭಯ ಇಲ್ಲ.

ಎಲ್ಲರಿಗೂ ಒಂದೇ ರೇಟು ಅಂದ್ರೆ ಅದು ನೀವು ಅನ್ಕೊಂಡ ಹಾಗೆ ಅಗ್ಗದ ರೇಟಾಗಲ್ಲ. ನಂದೇ ಲೆಕ್ಕ ನೋಡಿ, ಒಂದೇ ರೇಟು ಇಡಬೇಕು ಅಂದ್ರೆ ನಾನು 2000 ಇಡ್ತೀನಿ, ಆ ಆರು ಹುಡುಗರು ಮನೇಲಿರ್ತಾರೆ. ಹಾಗಂತ ರೇಟಿನ ವ್ಯತ್ಯಾಸ ಎಲ್ಲ ಇದೇ ಅಲ್ಲ, ದೀಪಾವಳಿಗೆ ಸೀಟೇ ಸಾಲದೆ ಏರೋ ರೇಟು ಬೇರೆ ವಿಷಯ.

ಅಂದಹಾಗೆ ಬುಕ್ ಮಾಡುವಾಗ ಒಂದು ನೋಡ್ಕೊಳ್ಳಿ. ವಿಮಾನದವರು ಸೀಟುಗಳನ್ನ ಬೇರೆ ಬೇರೆ ದರದ ಗುಂಪು ಮಾಡಿ ಇಟ್ಟಿರ್ತಾರೆ, ಅಗ್ಗದ್ದು ಖಾಲಿ ಆದ್ಮೇಲೆ ಮೇಲಿನದು ತೆರೆಯುತ್ತೆ. ಅಗ್ಗದ್ದರಲ್ಲಿ ಮೂರೇ ಸೀಟು ಉಳಿದಿದ್ದು ನೀವು ನಾಲ್ಕು ಜನ ಅಂತ ಹುಡುಕಿದ್ರೆ ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ರೇಟೇ ತೋರಿಸುತ್ತೆ. ಮೊದಲು ಒಬ್ಬರಿಗೆ ಅಂತ ಹಾಕಿ ನೋಡಿ, ರೇಟು ಇಳಿದ್ರೆ ಮೂರು ಒಂದು ಸಲ, ಒಂದು ಇನ್ನೊಂದು ಸಲ ತಗೊಳ್ಳಿ.