27 ತೆಗೆದವರು ಎಲ್ಲಿ ಹೋದರು?

*ಸಂಪಾದಕರೇ, ನಾನು ಅರಕಲಗೂಡು ಕಡೆಯ ಒಂದು ಹೈಸ್ಕೂಲಿನ ಎಸ್‌ಡಿಎಂಸಿ ಸದಸ್ಯ. ನಮ್ಮ ಸುತ್ತಿನ ಒಂಬತ್ತು ಶಾಲೆಗಳ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಅಂಕ ಒಟ್ಟು ಮಾಡಿದೆ. ಈ ಪರೀಕ್ಷೆಗೆ 80ಕ್ಕೆ 28 ಬಂದರೆ ಪಾಸು ಅಂತ ಇಟ್ಟುಕೊಂಡಿದ್ದರು. 28 ತೆಗೆದವರು ರಾಶಿ ರಾಶಿ ಇದ್ದಾರೆ, 27 ತೆಗೆದ ಮಗು ಒಂದೇ ಒಂದು. ಮಕ್ಕಳು ನಕಲು ಹೊಡೆದಿದ್ದಾರೆ ಅಂತ ನನ್ನ ಅನುಮಾನ. ಹೆಸರು ಅಳಿಸಿ ಹಾಳೆ ಕಳಿಸಿದ್ದೇನೆ, ನೋಡಿ ಹೇಳಿ.*
*— ಒಬ್ಬ ಓದುಗ, ಅರಕಲಗೂಡು ತಾಲ್ಲೂಕು*

ನಕಲು ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಅನುಮಾನ ಮಕ್ಕಳ ಮೇಲಿದೆ.

ಪಕ್ಕದವನ ಪೇಪರ್ ನೋಡಿ ಬರೆಯುವ ಹುಡುಗನಿಗೆ ತನಗೆ ಎಷ್ಟು ಅಂಕ ಬರುತ್ತದೆ ಅಂತ ಗೊತ್ತಿರುವುದಿಲ್ಲ. ಅವನು 22ರಿಂದ 31ಕ್ಕೆ ಹೋಗಬಹುದು, 40ರಿಂದ 52ಕ್ಕೂ ಹೋಗಬಹುದು. ನಕಲು ನಡೆದಿದ್ದರೆ ಇಡೀ ಸಾಲು ಮೇಲಕ್ಕೆ ಸರಿಯುತ್ತದೆ, ಅಷ್ಟೆ. ಸರಿಯಾಗಿ 28ರಲ್ಲಿ ಗುಡ್ಡೆ ಬಿದ್ದು, ಅದರ ಪಕ್ಕದಲ್ಲೇ ಹಳ್ಳ ಬೀಳಬೇಕಾದರೆ ಮೊತ್ತ ಕೂಡಿ ನೋಡಿದವರ ಕೈ ಬೇಕು. ಆ ಮೊತ್ತ ಮೊದಲು ಕಾಣುವುದು ಪೇಪರ್ ತಿದ್ದುವವರಿಗೆ.

ನಿಮ್ಮ ಹಾಳೆಯಲ್ಲಿ 412 ಮಕ್ಕಳಿದ್ದಾರೆ, ಅವರ ಅಂಕ C ಕಾಲಮ್ಮಿನಲ್ಲಿದೆ. ನಾನು ಮಾಡಿದ್ದು ಇಷ್ಟೇ. E ಕಾಲಮ್ಮಿನಲ್ಲಿ E2ರಿಂದ ಕೆಳಕ್ಕೆ 0ಯಿಂದ 80ರವರೆಗೆ ಬರೆದುಕೊಂಡೆ. ಪಕ್ಕದ ಕಾಲಮ್ಮಿನಲ್ಲಿ ಈ ಸೂತ್ರ ಹಾಕಿ ಕೆಳಗಿನ ತನಕ ಎಳೆದೆ:

```
=COUNTIF($C$2:$C$413,E2)
```

ಒಂದೊಂದು ಅಂಕಕ್ಕೂ ಒಂದೊಂದು ಕಂಬ ಬರುವ ಹಾಗೆ ಚಾರ್ಟ್ ಮಾಡಿದೆ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. 25ರಿಂದ 29, 30ರಿಂದ 34 ಅಂತ ಐದೈದು ಅಂಕ ಗುಂಪು ಮಾಡಿದರೆ ಹಳ್ಳ ಮತ್ತು ಗುಡ್ಡೆ ಎರಡೂ ಒಂದೇ ಕಂಬದೊಳಗೆ ಸೇರಿ ಮುಚ್ಚಿಹೋಗುತ್ತವೆ.

ಈಗ ಅಂಚಿನಿಂದ ಸ್ವಲ್ಪ ದೂರ ನೋಡಿ. 23ರಲ್ಲಿ 11 ಮಕ್ಕಳು, 24ರಲ್ಲಿ 13. ಆ ಕಡೆ 30ರಲ್ಲಿ 12, 31ರಲ್ಲಿ 13, 32ರಲ್ಲಿ 11, 33ರಲ್ಲಿ 12. ಅಂದರೆ ಈ ಜಾಗದಲ್ಲಿ ಅಂಕಕ್ಕೆ ಸುಮಾರು 12 ಮಕ್ಕಳು ಇರುವುದು ಸಹಜ. ನಡುವಿನ ಲೆಕ್ಕ ಬೇರೆಯೇ ಇದೆ: 25ರಲ್ಲಿ 8, 26ರಲ್ಲಿ 3, 27ರಲ್ಲಿ 1, 28ರಲ್ಲಿ 35, 29ರಲ್ಲಿ 14.

ಆ 12ಕ್ಕೆ ಹೋಲಿಸಿದರೆ ಕೆಳಗೆ ಕಮ್ಮಿ ಬಿದ್ದವರು 4, 9, 11, ಒಟ್ಟು 24. ಮೇಲೆ ಜಾಸ್ತಿ ಆದವರು 23, 2, ಒಟ್ಟು 25. ಕಮ್ಮಿಯಾದಷ್ಟೇ ಹೆಚ್ಚು ಕಡಿಮೆ ಜಾಸ್ತಿಯಾಗಿದೆ. ನಾನು ಹುಡುಕಿದ್ದು ಇದನ್ನೇ. ಬರೀ ಗುಡ್ಡೆ ಇದ್ದರೆ ಸಾಲದು. ಅವಸರದಲ್ಲಿ ತಿದ್ದುವವರು 30, 40, 50 ಅಂತ ದುಂಡು ಮಾಡಿದರೂ ಗುಡ್ಡೆ ಬೀಳುತ್ತದೆ, ಆದರೆ ಅದು ಅಂಥ ಎಲ್ಲ ಅಂಕಗಳಲ್ಲೂ ಕಾಣಬೇಕು. ನಿಮ್ಮ ಹಾಳೆಯಲ್ಲಿ 40, 50 ಎರಡೂ ಅಕ್ಕಪಕ್ಕದ ಅಂಕಗಳ ಹಾಗೇ ಇವೆ.

ಇದು ಹೇಗೆ ನಡೆಯುತ್ತದೆ ಅಂತ ನನಗೆ ಗೊತ್ತು. ಪತ್ರಿಕೆಗೆ ಬರುವ ಮುಂಚೆ ನಾನು ಹಾಸನದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ರಾತ್ರಿ ಊಟ ಆದಮೇಲೆ ಬಂಡಲ್ ಬಿಚ್ಚಿ ಕೂರುತ್ತಿದ್ದೆ. ಕೂಡಿದಾಗ 26 ಬಂದರೆ ಕೆಂಪು ಪೆನ್ನು ಅಲ್ಲೇ ನಿಲ್ಲುತ್ತಿತ್ತು. ಮತ್ತೆ ಹಿಂದಕ್ಕೆ ತಿರುವುತ್ತಿದ್ದೆ. ವೃತ್ತ ಎಳೆದು, ಸ್ಪರ್ಶಕ ತಪ್ಪಾಗಿ ಎಳೆದಿದ್ದಾಳೆ. ಸರಿ, ವೃತ್ತಕ್ಕೆ ಒಂದು ಅಂಕ. ಇನ್ನೊಂದು ಕಡೆ ಸೂತ್ರ ಬರೆದು ಬಿಟ್ಟಿದ್ದಾಳೆ, ಅದಕ್ಕೊಂದು. 28 ಆಯಿತು. ಅದೇ ತಪ್ಪು ಸ್ಪರ್ಶಕ 41 ತೆಗೆದವಳ ಪೇಪರಿನಲ್ಲಿ ಇದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಕೊಟ್ಟ ಆ ಎರಡು ಅಂಕ ಸುಳ್ಳಲ್ಲ. ಕೆಲವರಿಗೆ ಮಾತ್ರ ಎರಡನೇ ಸಲ ನೋಡಿದ್ದು ತಪ್ಪು.

ದೂರದ ನ್ಯೂಯಾರ್ಕ್ ರಾಜ್ಯದ ರೀಜೆಂಟ್ಸ್ ಪರೀಕ್ಷೆಯಲ್ಲೂ ಇದೇ ಆಗಿತ್ತು. ಅಲ್ಲಿ ಆಯಾ ಶಾಲೆಯ ಶಿಕ್ಷಕರೇ ಪೇಪರ್ ತಿದ್ದುತ್ತಿದ್ದರು. ಪಾಸ್ ಅಂಕ 65ರ ಕೆಳಗೆ ಹಳ್ಳ, ಮೇಲೆ ಗುಡ್ಡೆ. ಸ್ವಲ್ಪದರಲ್ಲಿ ತಪ್ಪಿದ ಪೇಪರುಗಳನ್ನು ಶಾಲೆಯಲ್ಲೇ ಮತ್ತೆ ತಿದ್ದುವ ಪದ್ಧತಿಯನ್ನು 2011ರಲ್ಲಿ ನಿಲ್ಲಿಸಿದರು, ಆಮೇಲೆ ಬೇರೆಯವರ ಕೈಯಲ್ಲಿ ತಿದ್ದಿಸಿದರು. ಗುಡ್ಡೆ ಕರಗಿಹೋಯಿತು.

2025ರವರೆಗಿನ ವಾರ್ಷಿಕ ಪರೀಕ್ಷೆಗಳ ಫಲಿತಾಂಶವನ್ನೂ ಹೀಗೇ ನೋಡುವ ಮನಸ್ಸಿದ್ದರೆ ಎರಡು ವಿಷಯ ಗಮನದಲ್ಲಿಡಿ. ಒಟ್ಟು ಅಂಕದ ಕಾಲಮ್ ನೋಡಬೇಡಿ. ಲಿಖಿತದಲ್ಲಿ 28 ಬಂದ ಮಗುವಿಗೆ ಆಂತರಿಕ ಅಂಕ 18 ಸೇರಿದರೆ 46 ಆಗುತ್ತದೆ, ಇನ್ನೊಂದಕ್ಕೆ 20 ಸೇರಿ 48. ಗುಡ್ಡೆ ಚದುರಿಹೋಗುತ್ತದೆ, ಆಗಿನ ಒಟ್ಟು ಪಾಸ್ ಅಂಕ 35ರಲ್ಲಿ ಏನೂ ಕಾಣುವುದಿಲ್ಲ. ಲಿಖಿತ ಅಂಕವನ್ನೇ ಎಣಿಸಿ.

ಇನ್ನೊಂದು ಕೃಪಾಂಕ. ಅದು ನಿಯಮದ ಪ್ರಕಾರವೇ ಕೊಡುತ್ತಿದ್ದದ್ದು. 2024ರಲ್ಲಿ, ಆ ವರ್ಷಕ್ಕೆ ಮಾತ್ರ, ಅದನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ್ದು ನಿಮಗೆ ನೆನಪಿರಬಹುದು. ಕೃಪಾಂಕ ಸೇರಿಸಿದ ಮೇಲಿನ ಅಂಕ ನಿಮ್ಮ ಕೈಗೆ ಸಿಕ್ಕಿದರೆ ಅಲ್ಲೂ ಗುಡ್ಡೆ ಇರುತ್ತದೆ. ಕೃಪಾಂಕದ ಗುಡ್ಡೆ, ತಿದ್ದುವವರ ಗುಡ್ಡೆ ಎರಡನ್ನೂ ಬೇರೆ ಮಾಡಲು 26, 27ರಲ್ಲೇ ಉಳಿದ ಮಕ್ಕಳ ಬೇರೆ ವಿಷಯಗಳನ್ನು ನೋಡಿ. ಕೃಪಾಂಕ ಕೊಡುತ್ತಿದ್ದದ್ದು ಅದರಿಂದ ಮಗು ಪಾಸಾಗುವುದಾದರೆ ಮಾತ್ರ. ಹಾಗಾಗಿ ಕೃಪಾಂಕ ಸೇರಿಸಿದರೂ ಪಾಸಾಗದಷ್ಟು ವಿಷಯಗಳಲ್ಲಿ ಫೇಲಾದವರು 27ರಲ್ಲೇ ಉಳಿದಿರುತ್ತಾರೆ. ಗಣಿತ ತಿದ್ದುವವರಿಗೆ ಮಗುವಿನ ಇಂಗ್ಲಿಷ್ ಅಂಕ ಗೊತ್ತಿರುವುದಿಲ್ಲ. ಅವರ ಕೈ ಆಡಿದ್ದರೆ ಆ ಮಕ್ಕಳೂ 27ರಿಂದ ಎದ್ದುಹೋಗಿರುತ್ತಾರೆ. ನಿಮ್ಮದು ಶಾಲೆಯಲ್ಲೇ ತಿದ್ದಿದ ಪೂರ್ವಸಿದ್ಧತಾ ಪರೀಕ್ಷೆ, ಕೃಪಾಂಕದ ಮಾತೇ ಇಲ್ಲ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. 28ರಲ್ಲಿರುವ 35 ಮಕ್ಕಳಲ್ಲಿ ಸುಮಾರು 12 ಮಕ್ಕಳು ತಾವೇ 28 ತೆಗೆದವರು. ಯಾರು ಆ 12, ಯಾರು ಉಳಿದ 23 ಅಂತ ಈ ಹಾಳೆ ಹೇಳುವುದಿಲ್ಲ. ದಯವಿಟ್ಟು ಯಾವ ಮಗುವನ್ನೂ ಬೊಟ್ಟು ಮಾಡಿ ತೋರಿಸಬೇಡಿ. ಒಂದೊಂದೇ ಶಾಲೆ ಬೇರೆ ಮಾಡಿ ಶಿಕ್ಷಕರನ್ನೂ ಹಿಡಿಯಬೇಡಿ. 45 ಮಕ್ಕಳ ಶಾಲೆಯಲ್ಲಿ ಮೂವರು 28 ತೆಗೆದರೆ ಅದು ಸುಮ್ನೆ ಆಗುವಂಥದ್ದೇ.

ಖಚಿತ ಆಗಬೇಕಾದರೆ ಹೆಡ್ ಮಾಸ್ಟರುಗಳನ್ನು ಕೇಳಿ 28ರ ಒಂದಿಪ್ಪತ್ತು ಪೇಪರ್ ತರಿಸಿ. ಅದರ ಜೊತೆ 20ರ ಹತ್ತು, 40ರ ಹತ್ತು ಬೆರೆಸಿ. ಕೊಟ್ಟ ಅಂಕ ಕಾಣದ ಹಾಗೆ ಜೆರಾಕ್ಸ್ ಮಾಡಿಸಿ, ಬೇರೆ ತಾಲ್ಲೂಕಿನ ಒಬ್ಬ ಗಣಿತ ಶಿಕ್ಷಕರ ಕೈಯಲ್ಲಿ ತಿದ್ದಿಸಿ. ಯಾರು ತಿದ್ದಿದರೂ ಒಂದೆರಡು ಅಂಕ ಆಚೀಚೆ ಆಗುತ್ತದೆ. 20 ಮತ್ತು 40ರ ಪೇಪರುಗಳಲ್ಲಿ ಕೆಲವು ಏರಿ, ಕೆಲವು ಇಳಿಯುತ್ತವೆ. 28ರವು ಮಾತ್ರ ಹೆಚ್ಚಿನವು ಇಳಿದರೆ ಉತ್ತರ ಸಿಕ್ಕ ಹಾಗೆ.

ಆದರೆ ಅದಕ್ಕಿಂತ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಪೂರ್ವಸಿದ್ಧತಾ ಪರೀಕ್ಷೆಯ ಅಂಕ ನೋಡಿಯೇ ಸಂಜೆಯ ವಿಶೇಷ ತರಗತಿಗೆ ಮಕ್ಕಳನ್ನು ಆರಿಸುತ್ತಾರೆ, ಅಲ್ವಾ? 26 ಬಂದಿದ್ದ ಮಗು 28 ಆದ ತಕ್ಷಣ ಆ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ವಾರ್ಷಿಕ ಪರೀಕ್ಷೆಯಲ್ಲಿ ಅದರ ಪೇಪರನ್ನು ಪರಿಚಯದವರು ಯಾರೂ ತಿದ್ದುವುದಿಲ್ಲ. ಆದ್ದರಿಂದ ನಾಳೆಯೇ ಶಾಲೆಗೆ ಹೋಗಿ, 28 ಮತ್ತು 29 ತೆಗೆದ ಎಲ್ಲರನ್ನೂ ವಿಶೇಷ ತರಗತಿಗೆ ಸೇರಿಸಿಕೊಳ್ಳಿ ಅಂತ ಕೇಳಿ. ನಿಮ್ಮ ಹಾಳೆಯ ಪ್ರಕಾರ ಅವರು 49 ಮಕ್ಕಳು, ಒಂಬತ್ತು ಶಾಲೆಗೆ ಹಂಚಿದರೆ ಶಾಲೆಗೆ ಐದಾರು ಜನ.